ನೈನ್ ಬಾಕ್ಸ್‌ಗೆ ಒಂದು ಹತ್ತನೇ ಚೌಕ

ಆ ಹಾಳೆಗೆ ಪ್ರಿಂಟ್ ಕೊಟ್ಟವಳು ನಾನೇ. ಫೋನ್ ಬಂತು ಅಂತ ಎದ್ದು ಹೋದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಪ್ರಿಂಟರ್ ಟ್ರೇ ಖಾಲಿ. ಎರಡು ದಿನ ಆದ ಮೇಲೆ ಒಬ್ಬ ಶಿಫ್ಟ್ ಸೂಪರ್‌ವೈಸರ್ ನನ್ನ ಕ್ಯಾಬಿನ್ ಬಾಗಿಲಲ್ಲಿ ನಿಂತು ಕೇಳಿದರು: "ಮೇಡಂ, ರಿಸ್ಕ್ ಅಂದ್ರೆ ಏನು? ನಾನೇನು ಮಾಡಿದೆ?"

ನೈನ್ ಬಾಕ್ಸ್ ಅಂದರೆ ನೌಕರರನ್ನು ಅಳೆದು ಒಂಬತ್ತು ಚೌಕಗಳಲ್ಲಿ ಹಂಚುವ ಹಾಳೆ. ಅದರಲ್ಲಿ ಕೆಳಗಡೆ ಎಡಗಡೆ ಮೂಲೆಯ ಚೌಕಕ್ಕೆ ನಾವು ಇಟ್ಟಿದ್ದ ಹೆಸರು 'ರಿಸ್ಕ್'. ಅಲ್ಲಿ ಅವರ ಹೆಸರಿತ್ತು. ಅವರು ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದರು. ಮೂರು ತಿಂಗಳಲ್ಲಿ ಕೆಲಸ ಬಿಟ್ಟರು. ಆಮೇಲೆ ನಾನು ಹಳೇ ಫೈಲ್ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಅವರನ್ನು ಹಳೇ ಲೈನ್‌ಗೆ ಹಾಕಿದ್ದರು. ಆ ಲೈನ್‌ನ ಮೆಷಿನ್‌ಗಳು ವಾರಕ್ಕೊಮ್ಮೆ ನಿಲ್ಲುತ್ತಿದ್ದವು. ಆ ವರ್ಷ ಟಾರ್ಗೆಟ್ ಮುಟ್ಟಲಿಲ್ಲ, ಹಾಗಾಗಿ ಕೆಳಗಿನ ಚೌಕ. ಮುಂದಿನ ಎರಡು ವರ್ಷ ಅವರ ಮ್ಯಾನೇಜರ್ ಹಿಂದಿನ ವರ್ಷದ ಹಾಳೆಯನ್ನೇ ತೆರೆದು, ಹೊಸ ಸೇರ್ಪಡೆಗಳನ್ನು ಮಾತ್ರ ಹಾಕಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ನಾನೂ ಗಮನಿಸಿರಲಿಲ್ಲ.

ನೈನ್ ಬಾಕ್ಸ್ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಈಗಲೂ ಬಳಸುತ್ತೇನೆ. ಆದರೆ ಬಳಸುವ ರೀತಿ ಪೂರ್ತಿ ಬದಲಾಗಿದೆ. ಆ ರೀತಿಯನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದು ಬಿಡಿಭಾಗಗಳ ಕಾರ್ಖಾನೆಯ ಹದಿನಾರು ಸೂಪರ್‌ವೈಸರ್ ಮತ್ತು ಎಂಜಿನಿಯರ್‌ಗಳ ಪಟ್ಟಿ ತೆಗೆದುಕೊಂಡಿದ್ದೇನೆ. ಪ್ರೊಡಕ್ಷನ್‌ನಲ್ಲಿ ಏಳು, ಮೇಂಟೆನೆನ್ಸ್‌ನಲ್ಲಿ ಐದು, ಕ್ವಾಲಿಟಿಯಲ್ಲಿ ನಾಲ್ಕು ಜನ. ಹದಿನಾರರಲ್ಲಿ ಐವರು ಹೆಂಗಸರು.

ಹಾಳೆ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ

ಗೊತ್ತಿಲ್ಲದವರಿಗೆ ಒಂದು ಮಾತು. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಚೌಕ. ಅಡ್ಡ ಸಾಲು ಪರ್ಫಾರ್ಮೆನ್ಸ್, ಅಂದರೆ ಈವರೆಗೆ ಮಾಡಿದ ಕೆಲಸ. ಉದ್ದ ಸಾಲು ಪೊಟೆನ್ಷಿಯಲ್, ಅಂದರೆ ಮುಂದೆ ಇದಕ್ಕಿಂತ ದೊಡ್ಡ ಕೆಲಸ ನಿಭಾಯಿಸುವ ಶಕ್ತಿ. ಎರಡಕ್ಕೂ ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಮಟ್ಟ. ಎರಡರಲ್ಲೂ ಹೆಚ್ಚು ಬಂದವರು ಮೇಲಿನ ಬಲ ಮೂಲೆಗೆ ಹೋಗುತ್ತಾರೆ. ಕಂಪನಿಯ ಭಾಷೆಯಲ್ಲಿ ಅವರು ಸ್ಟಾರ್, ಇಲ್ಲವೇ ಹೈ-ಪೊಟೆನ್ಷಿಯಲ್.

ಈ ಮಾದರಿ 1970ರ ದಶಕದ ಶುರುವಿನಲ್ಲಿ ಮೆಕಿನ್ಸೆ ಸಲಹಾ ಸಂಸ್ಥೆ ಜನರಲ್ ಎಲೆಕ್ಟ್ರಿಕ್‌ಗಾಗಿ ಮಾಡಿದ ಚೌಕಗಳಿಂದ ಬಂದದ್ದು. ಜಿಇ ಕೈಯಲ್ಲಿ ಹತ್ತಾರು ವ್ಯಾಪಾರಗಳಿದ್ದವು. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಮಾರಬೇಕು ಅಂತ ನೋಡಲು ಆ ಚೌಕಗಳು. ಆಮೇಲೆ ಎಚ್‌ಆರ್‌ನವರು ಅದೇ ಚೌಕಗಳಲ್ಲಿ ವ್ಯಾಪಾರದ ಜಾಗಕ್ಕೆ ಜನರನ್ನು ಕೂರಿಸಿದರು. ಟರ್ಬೈನ್ ವ್ಯಾಪಾರಕ್ಕೆ 'ಇದು ಮಾರಬೇಕಾದ್ದು' ಅಂದರೆ ಅದಕ್ಕೇನೂ ಬೇಜಾರಾಗುವುದಿಲ್ಲ. ಮನುಷ್ಯನಿಗೆ ಹಾಗಂದರೆ ಮರುದಿನದಿಂದ ಅವನ ಕೆಲಸವೇ ಬದಲಾಗುತ್ತದೆ.

ಮೊದಲ ಹಂತ: ಯಾವ ಕೆಲಸಕ್ಕೆ?

'ಇವರಿಗೆ ಪೊಟೆನ್ಷಿಯಲ್ ಇದೆಯಾ?' ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಕೆಲಸಕ್ಕೆ ಅಂತ ಹೇಳದಿದ್ದರೆ ಪ್ರತಿ ಮ್ಯಾನೇಜರ್ ತನ್ನ ಮನಸ್ಸಿನಲ್ಲಿರುವ ಕೆಲಸಕ್ಕೆ ಅಳೆಯುತ್ತಾರೆ. ಬಹಳ ಸಲ ಆ ಕೆಲಸ ಅವರದೇ ಕುರ್ಚಿ. ಆಗ ಅವರ ಹಾಗೇ ಮಾತಾಡುವವರು, ಅವರ ಹಾಗೇ ಓದಿದವರು ಹೈ-ಪೊಟೆನ್ಷಿಯಲ್ ಆಗಿಬಿಡುತ್ತಾರೆ.

ಹಾಗಾಗಿ ಹಾಳೆಯ ತಲೆಯ ಮೇಲೆ ಒಂದು ವಾಕ್ಯ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಹೀಗೆ ಬರೆದೆವು: 'ಎರಡು ವರ್ಷದೊಳಗೆ ಪ್ರೊಡಕ್ಷನ್ ಹೆಡ್ ಆಗಿ ಮೂರೂ ಶಿಫ್ಟ್ ನಡೆಸಬಲ್ಲವರು.' ಕೆಲಸವೂ ಇದೆ, ಅವಧಿಯೂ ಇದೆ. ಇದೊಂದು ವಾಕ್ಯ ಬರೆಯಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಮೂರು ಮ್ಯಾನೇಜರ್‌ಗಳ ತಲೆಯಲ್ಲಿ ಮೂರು ಬೇರೆ ಬೇರೆ ಕುರ್ಚಿ ಇದ್ದದ್ದು ಅವತ್ತೇ ಗೊತ್ತಾಗಿದ್ದು.

ಇಂಥ ಒಂದು ಕೆಲಸ ತೋರಿಸಲು ಆಗದಿದ್ದರೆ, ಅಂದರೆ ಮುಂದಿನ ಎರಡು ಮೂರು ವರ್ಷ ಮೇಲಿನ ಕುರ್ಚಿ ಯಾವುದೂ ಖಾಲಿ ಆಗುವುದಿಲ್ಲ ಅಂತಿದ್ದರೆ, ಹಾಳೆ ಬೇಡವೇ ಬೇಡ. ಇಪ್ಪತ್ತು ಜನರ ಆಫೀಸಿನಲ್ಲಿ ಸುಮ್ನೆ ಜನರಿಗೆ ಚೀಟಿ ಅಂಟಿಸಿದ ಹಾಗಾಗುತ್ತದೆ, ಅಷ್ಟೇ.

ಎರಡನೇ ಹಂತ: ಮಾಡಿದ ಕೆಲಸದ ಸಾಲು

ಇದು ಸುಲಭದ ಸಾಲು, ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕನಿಷ್ಠ ಎರಡು ವರ್ಷದ ದಾಖಲೆ ನೋಡಿ, ಒಂದೇ ವರ್ಷದ್ದು ಸಾಲದು. ಅಂಕಿ ನೋಡುವಾಗ ಅವರ ಕೈಗೆ ಏನು ಕೊಟ್ಟಿದ್ದೆವು ಅಂತಲೂ ಪಕ್ಕದಲ್ಲಿ ಬರೆಯಿರಿ: ಯಾವ ಲೈನ್, ಯಾವ ಮೆಷಿನ್, ಎಷ್ಟು ಜನ, ಯಾವ ಶಿಫ್ಟ್. ನನ್ನ ಆ ಸೂಪರ್‌ವೈಸರ್ ವಿಷಯದಲ್ಲಿ ಈ ಒಂದು ಕಾಲಂ ಇದ್ದಿದ್ದರೆ ಸಾಕಿತ್ತು.

ದೀರ್ಘ ರಜೆಯಲ್ಲಿದ್ದವರನ್ನು ಅವರು ಕೆಲಸ ಮಾಡಿದ ತಿಂಗಳುಗಳ ಮೇಲೆ ಮಾತ್ರ ನೋಡಿ. 2017ರ ತಿದ್ದುಪಡಿಯಾದ ಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅಂದರೆ ಅರ್ಧ ವರ್ಷ. ಆ ಅರ್ಧ ವರ್ಷವನ್ನು ಸೊನ್ನೆ ಅಂತ ಲೆಕ್ಕ ಹಾಕಿ, ಪೂರ್ತಿ ವರ್ಷದ ಟಾರ್ಗೆಟ್‌ಗೆ ಹೋಲಿಸಿದ ಹಾಳೆಗಳನ್ನು ನಾನು ಕಂಡಿದ್ದೇನೆ. ಬೇಕಂತಲೇ ಮಾಡಿದ್ದಲ್ಲ. ಎಕ್ಸೆಲ್‌ನಲ್ಲಿ ಸೂತ್ರ ಹಾಗಿತ್ತು, ಯಾರೂ ನೋಡಲಿಲ್ಲ.

ಮೂರನೇ ಹಂತ: ಪೊಟೆನ್ಷಿಯಲ್ ಸಾಲು, ಮತ್ತು ಹತ್ತನೇ ಚೌಕ

ಅನ್ಯಾಯ ಒಳಗೆ ನುಗ್ಗುವುದು ಮುಖ್ಯವಾಗಿ ಈ ಸಾಲಿನಿಂದ. ಮಾಡಿದ ಕೆಲಸಕ್ಕೆ ಲೆಕ್ಕ ಇರುತ್ತದೆ. ಪೊಟೆನ್ಷಿಯಲ್ ಅನ್ನುವುದು ಇನ್ನೂ ಆಗದ ಕೆಲಸದ ಬಗ್ಗೆ ಒಬ್ಬರ ಊಹೆ. ಅದನ್ನು ಹಾಳೆಯ ಮೇಲೆ ಅಳತೆಯ ಹಾಗೆ ಬರೆಯುತ್ತೇವೆ. ಎರಡು ಸಾಲೂ ಒಂದೇ ಥರ ಕಾಣುವುದರಿಂದ ಎರಡಕ್ಕೂ ಒಂದೇ ತೂಕ ಇದೆ ಅನ್ನಿಸಿಬಿಡುತ್ತದೆ.

ಇದರ ಬಗ್ಗೆ ಒಂದು ಒಳ್ಳೆ ಅಧ್ಯಯನ ಇದೆ. ಆಲನ್ ಬೆನ್ಸನ್, ಡೇನಿಯಲ್ ಲಿ, ಕೆಲ್ಲಿ ಶೂ ಅನ್ನುವ ಅರ್ಥಶಾಸ್ತ್ರಜ್ಞರು ಉತ್ತರ ಅಮೆರಿಕದ ಒಂದು ದೊಡ್ಡ ಚಿಲ್ಲರೆ ಮಾರಾಟ ಸರಪಳಿಯ ಸುಮಾರು 30,000 ನೌಕರರ ದಾಖಲೆ ನೋಡಿದರು. ಆ ಕಂಪನಿ ಇದೇ ನೈನ್ ಬಾಕ್ಸ್ ಬಳಸುತ್ತಿತ್ತು. ಹೆಂಗಸರಿಗೆ ಪರ್ಫಾರ್ಮೆನ್ಸ್ ಅಂಕ ಗಂಡಸರಿಗಿಂತ ಜಾಸ್ತಿ ಬಂದಿತ್ತು. ಪೊಟೆನ್ಷಿಯಲ್ ಅಂಕ ಮಾತ್ರ ಕಡಿಮೆ. ಬಡ್ತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಇದ್ದ ಅಂತರದಲ್ಲಿ ಶೇ. 30ರಿಂದ 50ರಷ್ಟಕ್ಕೆ ಈ ಪೊಟೆನ್ಷಿಯಲ್ ಅಂಕವೇ ಕಾರಣ ಅಂತ ಅವರ ಲೆಕ್ಕ. ಊಹೆ ಸರಿಯಿತ್ತೇನೋ ಅನ್ನಬಹುದು ನೀವು. ಅದನ್ನೂ ನೋಡಿದರು. ಒಂದೇ ಪೊಟೆನ್ಷಿಯಲ್ ಅಂಕ ಪಡೆದ ಗಂಡಸರಿಗಿಂತ ಹೆಂಗಸರು ಮುಂದೆ ಚೆನ್ನಾಗಿಯೇ ಕೆಲಸ ಮಾಡಿದ್ದರು. ಅಂದರೆ ಊಹೆಯೇ ತಪ್ಪಿತ್ತು.

ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರುತ್ತದೆ: ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮಾಡಿ, ಶಾಪ್ ಫ್ಲೋರ್‌ನಿಂದ ಮೇಲೆ ಬಂದವರು ರಿವ್ಯೂ ಮೀಟಿಂಗ್‌ನಲ್ಲಿ ಸುಮ್ನೆ ಕೂರುತ್ತಾರೆ. ಪಕ್ಕದಲ್ಲಿ ಬಿ.ಇ. ಮಾಡಿದ ಹುಡುಗ ಸ್ಲೈಡ್ ಹಾಕಿ ಸಲೀಸಾಗಿ ಮಾತಾಡುತ್ತಾನೆ. 'ಇವನಲ್ಲಿ ಏನೋ ಇದೆ' ಅನ್ನಿಸುತ್ತದೆ. ಏನಿದೆ? ಬಹಳ ಸಲ ಇಂಗ್ಲಿಷ್ ಇದೆ. ಪ್ರೊಡಕ್ಷನ್ ಹೆಡ್‌ಗೆ ಗ್ರಾಹಕರ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಬೇಕಾಗುತ್ತದೆ ನಿಜ. ಹಾಗಿದ್ದರೆ ಅದನ್ನು ಬೇರೆ ಕಾಲಂ ಮಾಡಿ, ಆರು ತಿಂಗಳಲ್ಲಿ ಕಲಿಸಬಹುದಾ ಅಂತ ಕೇಳಿ. ಪೊಟೆನ್ಷಿಯಲ್ ಒಳಗೆ ಬೆರೆಸಬೇಡಿ.

ಹಾಗಾದರೆ ಈ ಸಾಲನ್ನು ಹೇಗೆ ತುಂಬುವುದು? ನಾನು ಊಹೆಯ ಜಾಗಕ್ಕೆ ಘಟನೆ ಕೇಳುತ್ತೇನೆ. ಪ್ರತಿಯೊಬ್ಬರ ಬಗ್ಗೆಯೂ ಮೂರು ಪ್ರಶ್ನೆ. ಗೊತ್ತಿಲ್ಲದ ಕೆಲಸ ಕೊಟ್ಟಾಗ ಅದನ್ನು ಹೇಗೆ ಕಲಿತರು? ತಮ್ಮ ಕೈಕೆಳಗೆ ಇಲ್ಲದವರನ್ನು ಒಪ್ಪಿಸಿ ಕೆಲಸ ಮಾಡಿಸಿದ್ದಾರಾ? ತಪ್ಪು ತೋರಿಸಿದಾಗ ಆಮೇಲೆ ಏನು ಬದಲಾಯಿತು? ಉತ್ತರ ಘಟನೆಯ ರೂಪದಲ್ಲೇ ಇರಬೇಕು: ಯಾವಾಗ, ಏನು, ಕೊನೆಗೆ ಏನಾಯಿತು. ಮೂರಕ್ಕೂ ಗಟ್ಟಿ ಘಟನೆ ಇದ್ದರೆ ಹೆಚ್ಚು. ಒಂದೆರಡಕ್ಕೆ ಇದ್ದರೆ ಮಧ್ಯಮ. ಅವಕಾಶ ಸಿಕ್ಕಿಯೂ ಆಗಲಿಲ್ಲ ಅಂತ ಘಟನೆಯೇ ಹೇಳಿದರೆ ಕಡಿಮೆ.

ಅವಕಾಶವೇ ಸಿಗಲಿಲ್ಲ ಅಂದರೆ? ಅಲ್ಲೇ ಹಾಳೆಯ ದೊಡ್ಡ ದೋಷ ಇರುವುದು. ಒಂಬತ್ತು ಚೌಕದಲ್ಲಿ 'ಗೊತ್ತಿಲ್ಲ' ಅನ್ನಲು ಜಾಗವೇ ಇಲ್ಲ. ರಾತ್ರಿ ಶಿಫ್ಟ್‌ನಲ್ಲೇ ಇರುವವರನ್ನು ಮೇಲಿನವರು ನೋಡಿಯೇ ಇರುವುದಿಲ್ಲ. ಅವರ ಬಗ್ಗೆ ಘಟನೆ ಇಲ್ಲ, ಹಾಗಾಗಿ 'ಕಡಿಮೆ' ಅಥವಾ 'ಮಧ್ಯಮ' ಅಂತ ಬರೆಯುತ್ತಾರೆ. ಮುಂದಿನ ವರ್ಷ ಒಳ್ಳೆ ಪ್ರಾಜೆಕ್ಟ್ ಬಂದಾಗ ಆ ಚೌಕ ನೋಡಿ ಅವರಿಗೆ ಕೊಡುವುದಿಲ್ಲ. ಕೊಡದ ಕಾರಣ ತೋರಿಸಲು ಅವರಿಗೆ ಮತ್ತೆ ಏನೂ ಇರುವುದಿಲ್ಲ. ಎರಡು ಮೂರು ವರ್ಷದಲ್ಲಿ ಊಹೆ ನಿಜವಾದ ಹಾಗೆ ಕಾಣುತ್ತದೆ.

ಅದಕ್ಕೇ ನಾನು ಹಾಳೆಯ ಪಕ್ಕ ಹತ್ತನೇ ಚೌಕ ಬರೆಯುತ್ತೇನೆ. ಹೆಸರು: 'ಇನ್ನೂ ನೋಡಿಲ್ಲ'. ಹೊಸ ಕೆಲಸಕ್ಕೆ ಬಂದು ವರ್ಷ ಆಗದವರು, ಘಟನೆ ಸಿಗದವರು ಎಲ್ಲ ಅಲ್ಲಿಗೆ. ಆ ಚೌಕಕ್ಕೆ ಹೋದ ಪ್ರತಿ ಹೆಸರಿನ ಮುಂದೆ ಮ್ಯಾನೇಜರ್ ಒಂದು ಸಾಲು ಬರೆಯಬೇಕು: ಯಾವ ಕೆಲಸ ಕೊಟ್ಟು, ಯಾವ ತಿಂಗಳೊಳಗೆ ನೋಡುತ್ತೇನೆ ಅಂತ. ಅಂದರೆ ಬಾಕಿ ಇರುವುದು ಮ್ಯಾನೇಜರ್ ಕೆಲಸ.

ಇನ್ನೊಂದು ವಿಷಯ. ಆ ದೊಡ್ಡ ಕೆಲಸ ಅವರಿಗೆ ಬೇಕಾ ಅನ್ನುವುದನ್ನು ಅವರನ್ನೇ ಕೇಳಬೇಕು, ಸಭೆಗೆ ಮುಂಚೆಯೇ. 'ಅವರಿಗೆ ಇಷ್ಟ ಇರಲ್ಲ ಬಿಡಿ' ಅನ್ನುವ ಮಾತು ನನಗೆ ಎಷ್ಟು ಸಲ ಕೇಳಿಸಿದೆಯೋ ಲೆಕ್ಕವಿಲ್ಲ.

ನಾಲ್ಕನೇ ಹಂತ: ಇಬ್ಬರು, ಬೇರೆ ಬೇರೆಯಾಗಿ

ಸಭೆಗೆ ಒಂದು ವಾರ ಮುಂಚೆ ಪ್ರತಿಯೊಬ್ಬರನ್ನೂ ಇಬ್ಬರು ಅಳೆಯಲಿ. ಒಬ್ಬರು ಅವರ ಮ್ಯಾನೇಜರ್. ಇನ್ನೊಬ್ಬರು ಅವರ ಜೊತೆ ಕೆಲಸ ಮಾಡಿ ಗೊತ್ತಿರುವ ಬೇರೆ ವಿಭಾಗದ ಮ್ಯಾನೇಜರ್. ಒಬ್ಬರದ್ದನ್ನು ಒಬ್ಬರು ನೋಡಬಾರದು. ಹಿಂದಿನ ವರ್ಷದ ಹಾಳೆಯನ್ನೂ ನೋಡಬಾರದು. ನಾನು ಅದನ್ನು ಬೇರೆ ಫೋಲ್ಡರ್‌ಗೆ ಹಾಕಿ ಬೀಗ ಹಾಕುತ್ತೇನೆ.

ಇದರಿಂದ ಸಿಗುವ ಲಾಭ ಏನು ಗೊತ್ತಾ? ನಿಮ್ಮ ಅಳತೆ ಅಳತೆಯೇ ಹೌದಾ ಅಂತ ಗೊತ್ತಾಗುತ್ತದೆ. ನಮ್ಮ ಹದಿನಾರು ಜನರಲ್ಲಿ ಮಾಡಿದ ಕೆಲಸದ ಬಗ್ಗೆ ಇಬ್ಬರ ಅಭಿಪ್ರಾಯ ಬೇರೆ ಬಂದದ್ದು ಮೂರು ಜನರಲ್ಲಿ ಮಾತ್ರ. ಪೊಟೆನ್ಷಿಯಲ್ ವಿಷಯದಲ್ಲಿ ಒಂಬತ್ತು ಜನರಲ್ಲಿ ಬೇರೆ ಬಂತು. ಅರ್ಧಕ್ಕಿಂತ ಜಾಸ್ತಿ! ಒಂದೇ ಬಟ್ಟೆಯನ್ನು ಇಬ್ಬರು ಟೇಪ್ ಹಿಡಿದು ಅಳೆದಾಗ ಇಷ್ಟು ವ್ಯತ್ಯಾಸ ಬಂದರೆ ಟೇಪ್ ಬಿಸಾಡುತ್ತೇವೆ, ಅಲ್ವಾ?

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 2000ನೇ ಇಸವಿಯಲ್ಲಿ ಸ್ಕಲನ್, ಮೌಂಟ್ ಮತ್ತು ಗಾಫ್ ಅನ್ನುವ ಸಂಶೋಧಕರು ಸಾವಿರಾರು ಮ್ಯಾನೇಜರ್‌ಗಳಿಗೆ ಬೇರೆ ಬೇರೆಯವರು ಕೊಟ್ಟ ಅಂಕಗಳನ್ನು ಬಿಡಿಸಿ ನೋಡಿದರು. ಅಂಕಗಳಲ್ಲಿ ಕಂಡ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ಸ್ವಂತ ರೂಢಿಯಿಂದ ಬಂದಿತ್ತು. ಅಂಕ ಪಡೆದವರ ಕೆಲಸದಿಂದ ಬಂದ ಪಾಲು ಅದಕ್ಕಿಂತ ಕಡಿಮೆ. ಹಾಳೆ ನೋಡುವಾಗ ನಾವು ನೋಡುತ್ತಿರುವುದು ನೌಕರನನ್ನಾ, ಅವನ ಮ್ಯಾನೇಜರನ್ನಾ ಅನ್ನುವ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಐದನೇ ಹಂತ: ಸಭೆ

ಇದನ್ನು ಕ್ಯಾಲಿಬ್ರೇಷನ್ ಅನ್ನುತ್ತಾರೆ. ಮ್ಯಾನೇಜರ್‌ಗಳೆಲ್ಲ ಸೇರಿ ಒಂದೇ ಅಳತೆಗೆ ಬರುವ ಸಭೆ. ಒಬ್ಬರಿಗೆ ಹತ್ತು ನಿಮಿಷ ಇಡಿ. ಹದಿನಾರು ಜನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆ ಬೇಕು. ಒಂದೇ ದಿನ ನಲವತ್ತು ಜನರನ್ನು ಮುಗಿಸಲು ಹೋಗಬೇಡಿ. ಊಟದ ಹೊತ್ತಿಗೆ ಎಲ್ಲರೂ 'ಮಧ್ಯಮ, ಮಧ್ಯಮ' ಅನ್ನಲು ಶುರು ಮಾಡುತ್ತಾರೆ.

ಮೂರು ನಿಯಮ ಸಾಕು. ಎಲ್ಲರಿಗಿಂತ ದೊಡ್ಡವರು ಕೊನೆಯಲ್ಲಿ ಮಾತಾಡಬೇಕು. ಪ್ಲಾಂಟ್ ಹೆಡ್ ಮೊದಲೇ 'ಅವನು ಚೆನ್ನಾಗಿದ್ದಾನೆ' ಅಂದರೆ ಉಳಿದವರಿಗೆ ಅಲ್ಲಿ ಕೆಲಸವಿಲ್ಲ. ಘಟನೆ ಮೊದಲು, ಚೌಕ ಆಮೇಲೆ. ಮತ್ತೆ, 'ಇಂತಿಷ್ಟು ಜನ ಮೇಲಿನ ಚೌಕದಲ್ಲಿ, ಇಂತಿಷ್ಟು ಜನ ಕೆಳಗೆ ಇರಲೇಬೇಕು' ಅನ್ನುವ ಕೋಟಾ ಬೇಡ. ಬೆಲ್ ಕರ್ವ್ ಅನ್ನುವುದು ಇದನ್ನೇ, ಬೆಂಗಳೂರಿನ ಐಟಿಯಲ್ಲಿ ದುಡಿದವರಿಗೆ ಹೇಳಬೇಕಾಗಿಲ್ಲ. ಮೈಕ್ರೋಸಾಫ್ಟ್ 2013ರಲ್ಲೇ ಅಂಥ ಕಡ್ಡಾಯ ಶ್ರೇಣಿಯನ್ನು ಕೈಬಿಟ್ಟಿತು. ಹದಿನಾರು ಜನರ ಗುಂಪಿನಲ್ಲಂತೂ ಅದಕ್ಕೆ ಅರ್ಥವೇ ಇಲ್ಲ.

ಕೆಲವು ಮಾತು ಬಂದ ತಕ್ಷಣ ನಾನು ಕೈ ಎತ್ತುತ್ತೇನೆ. 'ಆಟಿಟ್ಯೂಡ್ ಸರಿಯಿಲ್ಲ.' 'ಪ್ರೆಸೆನ್ಸ್ ಇಲ್ಲ.' 'ಸ್ವಲ್ಪ ಸೈಲೆಂಟ್.' 'ಮಗು ಚಿಕ್ಕದು.' ಕೈ ಎತ್ತಿ ಒಂದೇ ಪ್ರಶ್ನೆ ಕೇಳುತ್ತೇನೆ: "ಯಾವಾಗ, ಏನಾಯಿತು?"

ಆ ದಿನದ ಎರಡು ಹೆಸರುಗಳ ಕಥೆ ಹೇಳುತ್ತೇನೆ.

ಮೊದಲನೆಯವರು ಕ್ವಾಲಿಟಿ ವಿಭಾಗದ ಸೂಪರ್‌ವೈಸರ್. ಡಿಪ್ಲೊಮಾ ಓದಿದವರು, ಒಂಬತ್ತು ವರ್ಷದ ಅನುಭವ. ಮಾಡಿದ ಕೆಲಸಕ್ಕೆ ಇಬ್ಬರೂ 'ಹೆಚ್ಚು' ಅಂದಿದ್ದರು. ಪೊಟೆನ್ಷಿಯಲ್‌ಗೆ ಅವರ ಮ್ಯಾನೇಜರ್ 'ಮಧ್ಯಮ' ಅಂತ ಹಾಕಿದ್ದರು. ಕಾರಣ: ಮೀಟಿಂಗ್‌ನಲ್ಲಿ ಮಾತಾಡುವುದಿಲ್ಲ, ಮಗು ಚಿಕ್ಕದು, ಶಿಫ್ಟ್‌ಗೆ ಬರಲ್ಲ. ಘಟನೆ ಕೇಳಿದೆವು. ಒಂದು ಶಾಫ್ಟ್‌ನ ರಿಜೆಕ್ಷನ್ ಶೇ. 3.1 ಇದ್ದದ್ದು ಎಂಟು ತಿಂಗಳಲ್ಲಿ ಶೇ. 1.4ಕ್ಕೆ ಇಳಿದಿತ್ತು. ಇಳಿಸಿದ್ದು ಅವರು. ಅದಕ್ಕಾಗಿ ಮೂರೂ ಶಿಫ್ಟ್‌ನ ಆಪರೇಟರ್‌ಗಳು ಟೂಲ್ ಬದಲಿಸುವ ಹೊತ್ತನ್ನು ಬದಲಾಯಿಸಬೇಕಿತ್ತು. ಅವರ್ಯಾರೂ ಈಕೆಯ ಕೈಕೆಳಗಿನವರಲ್ಲ. ಹೊಸ ಸಿಎಂಎಂ ಬಂದಾಗ, ಅಂದರೆ ಬಿಡಿಭಾಗದ ಅಳತೆ ತೆಗೆಯುವ ಮೆಷಿನ್ ಬಂದಾಗ, ಆರು ವಾರದಲ್ಲಿ ಕಲಿತು ಇಬ್ಬರು ಇನ್ಸ್‌ಪೆಕ್ಟರ್‌ಗಳಿಗೆ ಕಲಿಸಿದ್ದರು. ಒಂದು ಸಲ ಕೆಟ್ಟ ಲಾಟ್ ಪಾಸ್ ಮಾಡಿ ಗ್ರಾಹಕರಿಂದ ದೂರು ಬಂದಿತ್ತು. ಆಮೇಲೆ ಅವರೇ ಮೊದಲ ಪೀಸ್ ತಪಾಸಣೆಯ ಪಟ್ಟಿ ಹೊಸದಾಗಿ ಬರೆದಿದ್ದರು. ಮೂರೂ ಪ್ರಶ್ನೆಗೆ ಘಟನೆ ಸಿಕ್ಕಿತು. ಮೂರನ್ನೂ ಹೇಳಿದವರು ಅವರ ಮ್ಯಾನೇಜರೇ. ಗೊತ್ತಿತ್ತು ಅವರಿಗೆ, ಯಾರೂ ಆ ರೀತಿ ಕೇಳಿರಲಿಲ್ಲ ಅಷ್ಟೇ.

ಶಿಫ್ಟ್‌ಗೆ ಬರಲ್ಲ ಅನ್ನುವುದು? ನಾನು ಆ ವಾರವೇ ಅವರನ್ನು ಕೇಳಿದ್ದೆ. "ಯಾರೂ ಕೇಳಲೇ ಇಲ್ಲವಲ್ಲ ಮೇಡಂ. ಅಮ್ಮ ಬಂದು ನಮ್ಮನೇಲೇ ಇದ್ದಾರೆ. ರಾತ್ರಿ ಪಿಕಪ್ ಕೊಟ್ಟರೆ ಬರ್ತೀನಿ" ಅಂದಿದ್ದರು.

ಎರಡನೆಯವರು ಪ್ರೊಡಕ್ಷನ್‌ನ ಎಂಜಿನಿಯರ್. ಮೊದಲ ಸುತ್ತಿನಲ್ಲಿ ಎರಡೂ ಸಾಲಿನಲ್ಲಿ 'ಹೆಚ್ಚು'. ಘಟನೆ ಕೇಳಿದಾಗ ಗ್ರಾಹಕರ ಆಡಿಟ್‌ನಲ್ಲಿ ಕೊಟ್ಟ ಪ್ರೆಸೆಂಟೇಷನ್ ಬಂತು. ಇನ್ನೊಂದು ಕೇಳಿದೆವು. ಇನ್ನೊಂದು ಪ್ರೆಸೆಂಟೇಷನ್ ಬಂತು. ಜನರನ್ನು ನಡೆಸಿದ ಘಟನೆ ಒಂದೂ ಇಲ್ಲ. ಅವರಿಗೆ ಆ ಶಕ್ತಿ ಇಲ್ಲ ಅಂತ ಇದರ ಅರ್ಥವಲ್ಲ. ಒಂದು ದಿನವೂ ಅವರ ಕೈಗೆ ಶಿಫ್ಟ್ ಕೊಟ್ಟಿರಲಿಲ್ಲ. ಹಾಗಾಗಿ ಅವರೂ ಹತ್ತನೇ ಚೌಕಕ್ಕೆ. ಅವರ ಮ್ಯಾನೇಜರ್‌ಗೆ ಕೋಪ ಬಂತು, ಅರ್ಧ ಗಂಟೆ ವಾದ ಆಯಿತು. ಕೊನೆಗೆ ಮೂರು ತಿಂಗಳು ಎರಡನೇ ಶಿಫ್ಟ್ ಅವರ ಕೈಗೆ ಕೊಡುವುದು ಅಂತ ತೀರ್ಮಾನವಾಯಿತು.

ಮೊದಲ ಸುತ್ತಿನಲ್ಲಿ ಪೊಟೆನ್ಷಿಯಲ್ 'ಹೆಚ್ಚು' ಇದ್ದವರು ಆರು ಜನ. ಸಭೆ ಮುಗಿದಾಗ ನಾಲ್ಕು. ಹತ್ತನೇ ಚೌಕದಲ್ಲಿ ಐದು: ಆ ಎಂಜಿನಿಯರ್, ರಾತ್ರಿ ಶಿಫ್ಟ್‌ನ ಇಬ್ಬರು, ಮೇಂಟೆನೆನ್ಸ್‌ನ ಒಬ್ಬರು, ಐದು ತಿಂಗಳ ಹಿಂದೆ ಸೇರಿದ ಒಬ್ಬರು.

ಆರನೇ ಹಂತ: ಎದ್ದು ಹೋಗುವ ಮುಂಚೆ ಎಣಿಸಿ

ಹಾಳೆ ತುಂಬಿದ ಮೇಲೆ ಹತ್ತು ನಿಮಿಷ ಎಣಿಕೆಗೆ ಇಡಿ. ನಮ್ಮ ಮೊದಲ ಸುತ್ತನ್ನು ಎಣಿಸಿದರೆ ಹೀಗಿತ್ತು: ಆರು 'ಹೆಚ್ಚು' ಗಳಲ್ಲಿ ಐದು ಪ್ರೊಡಕ್ಷನ್‌ನಿಂದ, ಒಂದು ಮೇಂಟೆನೆನ್ಸ್‌ನಿಂದ, ಕ್ವಾಲಿಟಿಯಿಂದ ಸೊನ್ನೆ. ಹೆಂಗಸರೂ ಸೊನ್ನೆ. ಪ್ರೊಡಕ್ಷನ್ ಮ್ಯಾನೇಜರ್ ತನ್ನ ಏಳರಲ್ಲಿ ಐದು ಜನರನ್ನು ಮೇಲೆ ಹಾಕಿದ್ದರು. ಒಳ್ಳೆ ಮನುಷ್ಯ, ತನ್ನ ಹುಡುಗರ ಪರ ನಿಲ್ಲುವವರು. ಕ್ವಾಲಿಟಿಯವರದ್ದು ಬಿಗಿ ಕೈ. ಬಿಗಿ ಕೈಯ ಮ್ಯಾನೇಜರ್ ಹತ್ತಿರ ಇದ್ದದ್ದಕ್ಕೆ ನಾಲ್ಕು ಜನ ಕೆಳಗಿದ್ದರು.

ಮ್ಯಾನೇಜರ್ ಪ್ರಕಾರ, ಗಂಡು ಹೆಣ್ಣು ಪ್ರಕಾರ, ಶಿಫ್ಟ್ ಪ್ರಕಾರ, ಓದಿನ ಪ್ರಕಾರ ಎಣಿಸಿ. ಗುಂಪು ಚಿಕ್ಕದಾದ್ದರಿಂದ ಶೇಕಡಾ ಲೆಕ್ಕ ಹಾಕಿ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ. ಬೇಕಾಗಿಯೂ ಇಲ್ಲ. ಒಂದು ಕಡೆ ಸೊನ್ನೆ ಕಂಡರೆ ಆ ಹೆಸರುಗಳ ಘಟನೆಗಳನ್ನು ಇನ್ನೊಮ್ಮೆ ಓದಿ, ಅಷ್ಟು ಸಾಕು. ಓದಿದ ಮೇಲೂ ಸೊನ್ನೆ ಉಳಿದರೆ ಉಳಿಯಲಿ. ಸಂಖ್ಯೆ ಸರಿಮಾಡಲು ಒಬ್ಬರನ್ನು ಮೇಲೆ ತಳ್ಳಿದರೆ ಅವರಿಗೇ ಕಷ್ಟ.

ಏಳನೇ ಹಂತ: ಚೌಕಕ್ಕೆ ಹೆಸರು ಬೇಡ, ಕೆಲಸ ಬರೆಯಿರಿ

ಸ್ಟಾರ್, ವರ್ಕ್‌ಹಾರ್ಸ್, ರಿಸ್ಕ್. ಈ ಹೆಸರುಗಳು ಚೌಕದಿಂದ ಇಳಿದು ಮನುಷ್ಯರ ಮೇಲೆ ಕೂರುತ್ತವೆ. ಹನ್ನೆರಡು ವರ್ಷ ಲೈನ್ ಎತ್ತಿ ಹಿಡಿದವರನ್ನು ಕುದುರೆ ಅಂತ ಕರೆಯುವುದು ಯಾವ ಮರ್ಯಾದೆ? ನಾನು ಹೆಸರು ಅಳಿಸಿ, ಆ ಚೌಕದವರಿಗೆ ನಾವು ಏನು ಮಾಡಬೇಕು ಅನ್ನುವುದನ್ನು ಬರೆದೆ.

| ಪೊಟೆನ್ಷಿಯಲ್ | ಕೆಲಸ ಕಡಿಮೆ | ಕೆಲಸ ಮಧ್ಯಮ | ಕೆಲಸ ಹೆಚ್ಚು |
|---|---|---|---|
| ಹೆಚ್ಚು | ಜಾಗ ತಪ್ಪಾಗಿದೆಯಾ ನೋಡಿ | ಅಡ್ಡಿ ಏನು ಅಂತ ಕೇಳಿ | ದೊಡ್ಡ ಕೆಲಸ ಕೊಟ್ಟು ನೋಡಿ |
| ಮಧ್ಯಮ | ಮೆಷಿನ್, ಜನ, ಮ್ಯಾನೇಜರ್ ಪರೀಕ್ಷಿಸಿ | ಒಂದು ಹೊಸ ಕೆಲಸ ಕಲಿಸಿ | ಘಟನೆ ಕಡಿಮೆಯಿದ್ದರೆ ಅವಕಾಶ ಕೊಡಿ |
| ಕಡಿಮೆ | ಮೂರು ತಿಂಗಳ ಸಹಾಯ, ಲಿಖಿತ ಗುರಿ | ಈ ಕೆಲಸದಲ್ಲೇ ತರಬೇತಿ | ಸಂಬಳದಲ್ಲಿ ಗೌರವ ತೋರಿಸಿ, ತಳ್ಳಬೇಡಿ |

ಕೆಳಗಿನ ಬಲ ಮೂಲೆ ನೋಡಿ. ತನ್ನ ಕೆಲಸದಲ್ಲಿ ನಿಪುಣರು, ಮೇಲಿನ ಕೆಲಸ ಬೇಡ ಅಂದವರು ಅಥವಾ ಹೊಂದದವರು. ಒಳ್ಳೆ ಕೆಲಸಗಾರ ಅಂತ ಅವರನ್ನು ಮ್ಯಾನೇಜರ್ ಮಾಡಿದರೆ ಒಳ್ಳೆ ಕೆಲಸಗಾರ ಹೋಗಿ ಸಾಧಾರಣ ಮ್ಯಾನೇಜರ್ ಬರುತ್ತಾರೆ. ಮೇಲೆ ಹೇಳಿದ ಅದೇ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಸೇಲ್ಸ್ ನೌಕರರ ಮೇಲೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಹೆಚ್ಚು ಮಾರಾಟ ಮಾಡಿದವರಿಗೆ ಬಡ್ತಿ ಬೇಗ ಸಿಗುತ್ತಿತ್ತು, ಆದರೆ ಅಂಥವರ ಕೈಕೆಳಗಿನವರ ಮಾರಾಟ ಇಳಿಯುತ್ತಿತ್ತು. ಇಂಥವರಿಗೆ ಸಂಬಳ ಏರಲು ಬಡ್ತಿ ಒಂದೇ ದಾರಿ ಅಂತಿದ್ದರೆ ತಪ್ಪು ಸಂಬಳದ ಪಟ್ಟಿಯಲ್ಲಿದೆ.

ಎಂಟನೇ ಹಂತ: ಅವರಿಗೆ ಹೇಳಬೇಕಾ?

ಚೌಕ ಹೇಳಬೇಡಿ, ವಿಷಯ ಹೇಳಿ. 'ನೀವು ಮಧ್ಯಮ-ಹೆಚ್ಚು ಚೌಕದಲ್ಲಿದ್ದೀರಿ' ಅಂದರೆ ಅವರಿಗೆ ಏನೂ ಸಿಕ್ಕಿದಂತಾಗಲಿಲ್ಲ. 'ಮೂರು ತಿಂಗಳು ಎರಡನೇ ಶಿಫ್ಟ್ ನಿಮ್ಮದು, ನಾವು ನೋಡುವುದು ಇದಿದನ್ನು' ಅಂದರೆ ಸಿಕ್ಕಿತು. ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಘಟನೆಗಳನ್ನು ತೋರಿಸಿ, ನಮಗೆ ಗೊತ್ತಿಲ್ಲದ್ದು ಇದ್ದರೆ ಹೇಳಿ ಅನ್ನಿ. ರಾತ್ರಿ ಶಿಫ್ಟ್‌ನ ಒಬ್ಬರು ಹೀಗೆ ಕೇಳಿದಾಗ, ಬಾಯ್ಲರ್ ಕೆಟ್ಟ ಒಂದು ರಾತ್ರಿಯ ಕಥೆ ಹೇಳಿದರು. ಯಾವ ಮ್ಯಾನೇಜರ್‌ಗೂ ಅದು ಗೊತ್ತಿರಲಿಲ್ಲ. ಲಾಗ್ ಪುಸ್ತಕ ತೆಗೆದರೆ ಎಲ್ಲ ಬರೆದಿತ್ತು.

ಹಾಳೆಯಲ್ಲಿ ಬರೆಯುವ ಪ್ರತಿ ಸಾಲನ್ನೂ ಆ ಮನುಷ್ಯ ನಾಳೆ ಓದುತ್ತಾರೆ ಅಂದುಕೊಂಡೇ ಬರೆಯಿರಿ. ನನ್ನ ವಿಷಯದಲ್ಲಿ ಓದಿಯೇಬಿಟ್ಟರು. ಈಗ ಪ್ರಿಂಟ್ ತೆಗೆಯುವುದೇ ಇಲ್ಲ. ಫೈಲ್ ನಾಲ್ಕು ಜನಕ್ಕೆ ಮಾತ್ರ ತೆರೆಯುತ್ತದೆ.

ಕೊನೆಯದು: ಹಾಳೆಗೆ ತಾರೀಖು

ಪ್ರತಿ ಚೌಕದ ಪಕ್ಕ 'ಇಲ್ಲಿಯವರೆಗೆ ಮಾತ್ರ' ಅಂತ ತಾರೀಖು ಹಾಕಿ. ನಾನು ಹನ್ನೆರಡು ತಿಂಗಳು ಹಾಕುತ್ತೇನೆ. ಅವಧಿ ಮುಗಿದ ಚೌಕವನ್ನು ಬಡ್ತಿಗೂ ಬಳಸುವಂತಿಲ್ಲ, ಬೇರೆ ಪ್ಲಾಂಟ್‌ಗೆ ಹೋದಾಗ ಅಲ್ಲಿಗೂ ಕಳಿಸುವಂತಿಲ್ಲ.

ಅವಧಿ ಮುಗಿದಾಗ ಹಳೇ ಹಾಳೆಯನ್ನು ಒಂದೇ ಒಂದು ಕಾರಣಕ್ಕೆ ತೆರೆಯಬೇಕು: ನಮ್ಮ ಊಹೆ ಎಷ್ಟು ಸರಿಯಾಯಿತು ಅಂತ ನೋಡಲು. ಅದನ್ನೂ ಹೊಸ ಹಾಳೆ ತುಂಬಿದ ಮೇಲೆಯೇ ತೆರೆಯಬೇಕು. ನಮ್ಮ ಹದಿನಾರರ ಲೆಕ್ಕ ಹೀಗಿತ್ತು. 'ಹೆಚ್ಚು' ಅಂದ ನಾಲ್ವರಲ್ಲಿ ಇಬ್ಬರು ಕೊಟ್ಟ ದೊಡ್ಡ ಕೆಲಸ ಚೆನ್ನಾಗಿ ಮಾಡಿದರು, ಕ್ವಾಲಿಟಿಯ ಆಕೆ ಅದರಲ್ಲಿ ಒಬ್ಬರು. ಒಬ್ಬರು ಬೇರೆ ಕಂಪನಿಗೆ ಹೋದರು. ಇನ್ನೊಬ್ಬರಿಗೆ ಮೂರು ಶಿಫ್ಟ್ ಹೊರೆಯಾಯಿತು, ಅವರೇ ಬಂದು ಹೇಳಿದರು. ಹತ್ತನೇ ಚೌಕದ ಐವರಲ್ಲಿ ನಾಲ್ವರಿಗೆ ಅವಕಾಶ ಕೊಡಲು ಆಯಿತು. ಐದನೆಯವರು ಮೇಂಟೆನೆನ್ಸ್‌ನ ಹುಡುಗಿ. ಅವರ ಮ್ಯಾನೇಜರ್ ಬರೆದ ತಾರೀಖು ದಾಟಿ ಐದು ತಿಂಗಳಾಗಿತ್ತು, ಪ್ರಾಜೆಕ್ಟ್ ಕೊಟ್ಟಿರಲಿಲ್ಲ. ಅದು ಈಗ ಅವರ ಮ್ಯಾನೇಜರ್‌ನ ಅಪ್ರೈಸಲ್‌ನಲ್ಲಿದೆ.

ಪ್ರೆಸೆಂಟೇಷನ್ ಎಂಜಿನಿಯರ್ ಏನಾದರು ಅಂತ ಕೇಳುತ್ತೀರಿ. ಎರಡನೇ ಶಿಫ್ಟ್‌ನ ಮೊದಲ ತಿಂಗಳು ಗಲಾಟೆಯೋ ಗಲಾಟೆ. ಆಪರೇಟರ್‌ಗಳು ದೂರು ತಂದರು. ಎರಡನೇ ತಿಂಗಳು ಅವರು ಟೀ ಬ್ರೇಕ್‌ನಲ್ಲಿ ಆಪರೇಟರ್‌ಗಳ ಜೊತೆ ಕೂರಲು ಶುರು ಮಾಡಿದರು. ಮೂರನೇ ತಿಂಗಳ ಕೊನೆಗೆ ಸಭೆಯಲ್ಲಿ ಅವರ ಬಗ್ಗೆ ಮೂರು ಘಟನೆ ಇತ್ತು, ಒಂದೂ ಸ್ಲೈಡ್ ಇರಲಿಲ್ಲ.